ಎರಡು ಎಣ್ಣೆ ಮಿಲ್, ಎರಡರ ಆರ್‌ಒಇಯೂ 20%. ಹಾಗಾದ್ರೆ ಎರಡೂ ಒಂದೇನಾ?

ಮಂಡಿಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸೈಟ್ ಇತ್ತು, ಮಾರಿದೆವು. ಅದರಲ್ಲಿ 25 ಲಕ್ಷ ಕೈಯಲ್ಲಿದೆ. ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಚಳ್ಳಕೆರೆಯಲ್ಲಿ ನನ್ನ ಸೋದರಮಾವನ ಶೇಂಗಾ ಎಣ್ಣೆ ಮಿಲ್. ಇನ್ನೊಂದು ಇಲ್ಲೇ ದಾವಣಗೆರೆಯಲ್ಲಿ ಅಪ್ಪನ ಸ್ನೇಹಿತರದ್ದು, ಅದೂ ಶೇಂಗಾ ಎಣ್ಣೆನೇ, ಆದರೆ ಬಾಟಲಿಗೆ ತುಂಬಿ ತಮ್ಮದೇ ಹೆಸರಲ್ಲಿ ಮಾರುತ್ತಾರೆ. ಎರಡೂ ಪ್ರೈವೇಟ್ ಲಿಮಿಟೆಡ್. ಇಬ್ಬರೂ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಕೊಟ್ಟಿದ್ದಾರೆ. ಲೆಕ್ಕ ಹಾಕಿದರೆ ಎರಡರದ್ದೂ ಆರ್‌ಒಇ ಸರಿಯಾಗಿ 20%. ಸ್ವಂತ ಬಂಡವಾಳದ ನೂರು ರೂಪಾಯಿಗೆ ಇಪ್ಪತ್ತು ರೂಪಾಯಿ ಲಾಭ.

ಅಂಕಿ ಇಲ್ಲಿವೆ, ಎಲ್ಲಾ ಕೋಟಿಯಲ್ಲಿ:

```
                ಚಳ್ಳಕೆರೆ   ದಾವಣಗೆರೆ
ಮಾರಾಟ            60.00     20.00
ನಿವ್ವಳ ಲಾಭ         1.20      1.60
ಒಟ್ಟು ಆಸ್ತಿ         20.00     12.00
ಸ್ವಂತ ಬಂಡವಾಳ       6.00      8.00
ಬ್ಯಾಂಕ್ ಸಾಲ         9.00      2.00
ವರ್ಷದ ಬಡ್ಡಿ        1.50      0.20
```

ಹಂಗಾದ್ರೆ ಯಾವುದಕ್ಕೆ ಹಾಕಿದರೂ ಒಂದೇ ಅಲ್ವಾ? ಅಮ್ಮ ಮಾವನ ಕಡೆ, ಅಪ್ಪ ಸ್ನೇಹಿತನ ಕಡೆ. ಮನೆಯಲ್ಲಿ ಊಟ ಸರಿಯಾಗಿ ಆಗ್ತಿಲ್ಲ.

ಹರಿಹರದವನು

20% ಅಂದರೆ ಕಣ್ಣು ಮುಚ್ಚಿ ಹಾಕು ಮಾರಾಯ. ನಮ್ಮ ಸೊಸೈಟಿಯಲ್ಲಿ ಡಿಪಾಸಿಟ್ ಇಟ್ಟರೆ 8% ಕೊಡೋದೇ ಕಷ್ಟ. 25 ಲಕ್ಷಕ್ಕೆ ವರ್ಷಕ್ಕೆ 5 ಲಕ್ಷ ಬರುತ್ತೆ, ತಿಂಗಳಿಗೆ 40 ಸಾವಿರದ ಮೇಲಾಯ್ತು.

ಕಲ್ಲಿನಕೋಟೆ

ಹರಿಹರದವರೇ, ಅದು ಬಡ್ಡಿ ಅಲ್ಲ. ಕಂಪನಿಗೆ ಬಂದ ಲಾಭ. ಡಿವಿಡೆಂಡ್ ಕೊಟ್ಟರೆ ಕೊಟ್ಟರು, ಇಲ್ಲಾಂದ್ರೆ ಅಲ್ಲೇ ಉಳಿಸಿಕೊಳ್ಳುತ್ತಾರೆ.

ಪ್ರಶ್ನೆಗೆ ಬಂದರೆ, ಆರ್‌ಒಇಯನ್ನು ಮೂರು ತುಂಡು ಮಾಡಿ ನೋಡಬೇಕು. ಮಾರ್ಜಿನ್, ಟರ್ನೋವರ್, ಲೆವರೇಜ್. ಮಾರ್ಜಿನ್ ಅಂದರೆ ಮಾರಾಟದ ನೂರಕ್ಕೆ ಉಳಿಯುವ ಲಾಭ, ಲೆವರೇಜ್ ಅಂದರೆ ಒಟ್ಟು ಆಸ್ತಿ ಸ್ವಂತ ಬಂಡವಾಳದ ಎಷ್ಟು ಪಟ್ಟು ಅನ್ನೋದು. ಮೂರನ್ನೂ ಗುಣಿಸಿದರೆ ಆರ್‌ಒಇ. ಡ್ಯೂಪಾಂಟ್ ಅಂತ ಅಮೆರಿಕದ ಮದ್ದುಗುಂಡಿನ ಕಂಪನಿ ಇತ್ತಲ್ಲ, ಕಳೆದ ಶತಮಾನದ ಶುರುವಿನಲ್ಲಿ ಅಲ್ಲಿಂದ ಬಂದ ಲೆಕ್ಕ.

```
ಚಳ್ಳಕೆರೆ:   2% × 3.00 × 3.33 = 20%
ದಾವಣಗೆರೆ:  8% × 1.67 × 1.50 = 20%
```

ನೋಡಿ, ಚಳ್ಳಕೆರೆಯದು ಬರೀ ಸಾಲದ ಮೇಲೆ ನಿಂತಿದೆ. ಲೆವರೇಜ್ 3.33. ಲೆವರೇಜ್ ಜಾಸ್ತಿ ಇದ್ದರೆ ಕೆಟ್ಟ ಕಂಪನಿ, ಕಮ್ಮಿ ಇದ್ದರೆ ಒಳ್ಳೆಯದು. ದಾವಣಗೆರೆಗೆ ಹಾಕಿ, ಮುಗೀತು.

ಹರಿಹರದವನು

ಟರ್ನೋವರ್ 3 ಅಂದ್ರೆ ಏನ್ರೀ? ಟರ್ನೋವರ್ 60 ಕೋಟಿ ಅಂತ ಮೇಲೇ ಬರೆದಿದ್ದಾರಲ್ಲ.

ಲೆಕ್ಕದಕ್ಕ

ನಿಮ್ಮ ಗೊಂದಲ ಸರಿಯಾಗೇ ಇದೆ. ನಮ್ಮ ಮಂಡಿಯಲ್ಲಿ ಟರ್ನೋವರ್ ಅಂದರೆ ಒಟ್ಟು ಮಾರಾಟನೇ. ಇಲ್ಲಿ ಹೇಳ್ತಿರೋದು ಬೇರೆ. ಕಂಪನಿಯಲ್ಲಿ ಕೂತಿರುವ ಆಸ್ತಿ, ಅಂದರೆ ಮಿಲ್ಲು, ಗೋಡೌನಿನ ಶೇಂಗಾ, ಬರಬೇಕಾದ ಬಾಕಿ ಎಲ್ಲಾ ಸೇರಿ 20 ಕೋಟಿ. ಅದು ವರ್ಷದಲ್ಲಿ 60 ಕೋಟಿ ಮಾರಾಟ ಹುಟ್ಟಿಸಿತು. ಮೂರು ಸುತ್ತು ಹೊಡೀತು ಅಂತ ಇಟ್ಟುಕೊಳ್ಳಿ. ನಾನು ಸುತ್ತು ಅಂತಲೇ ಬರೀತೀನಿ, ಜಗಳ ಬೇಡ.

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಇದ್ದು ರಿಟೈರ್ ಆದವಳು. ಈ ಸೀಮೆಯ ಎಣ್ಣೆ ಮಿಲ್, ಅಕ್ಕಿ ಮಿಲ್ ಫೈಲುಗಳನ್ನೇ ವರ್ಷಗಟ್ಟಲೆ ನೋಡಿದ್ದೇನೆ. ಕಲ್ಲಿನಕೋಟೆಯವರ ತುಂಡು ಸರಿ, ತೀರ್ಪು ಅರ್ಧ ಸರಿ. ಅದಕ್ಕಿಂತ ಮೊದಲು ಚಳ್ಳಕೆರೆ ಅಂಕಿಯಲ್ಲಿ ಒಂದು ವಿಷಯ ಕಣ್ಣಿಗೆ ಹೊಡೀತಿದೆ. ಯಾರೂ ಹೇಳಲಿಲ್ಲ. ಸಾಲ 9 ಕೋಟಿ, ಬಡ್ಡಿ ಒಂದೂವರೆ ಕೋಟಿ. ಭಾಗಿಸಿ ನೋಡಿ, ಸುಮಾರು 16.7% ಆಗುತ್ತೆ. ಗೋಡೌನ್ ತುಂಬ ಮಾಲು ಅಡವಿಟ್ಟ ಮಿಲ್ಲಿಗೆ ಯಾವ ಬ್ಯಾಂಕು ಅಷ್ಟು ಬಡ್ಡಿ ಹಾಕುತ್ತೆ? ಹುಡುಗಾ, ನಿಮ್ಮ ಮಾವನ ಸಿ.ಸಿ. ಲಿಮಿಟ್, ಅಂದರೆ ಮಾಲಿನ ಮೇಲೆ ಬ್ಯಾಂಕು ಕೊಡೋ ಸಾಲ, ಅದರ ಬಡ್ಡಿ ಎಷ್ಟು ಅಂತ ಕೇಳಿ ಹೇಳಪ್ಪ.

ಮಂಡಿಪೇಟೆ ಹುಡುಗ

ಅಕ್ಕ, ಫೋನ್ ಮಾಡಿದೆ. ಹತ್ತು ಪರ್ಸೆಂಟ್ ಹತ್ತಿರ ಅಂದರು. ಜೊತೆಗೆ "ನಿಂಗ್ಯಾಕೋ ಅದೆಲ್ಲ" ಅಂತ ಬೈದರು.

ಲೆಕ್ಕದಕ್ಕ

ಬೈಲಿ ಬಿಡು. 10%ಗೆ ಒಂದೂವರೆ ಕೋಟಿ ಬಡ್ಡಿ ಬಿದ್ದಿದೆ ಅಂದರೆ ವರ್ಷಪೂರ್ತಿ ಸರಾಸರಿ ಸಾಲ 15 ಕೋಟಿ ಇತ್ತು. ಮಾರ್ಚ್ 31ಕ್ಕೆ ಮಾತ್ರ 9 ಕೋಟಿಗೆ ಇಳಿದಿದೆ.

ಇದರಲ್ಲಿ ಮೋಸ ಏನೂ ಇಲ್ಲ, ಚಳ್ಳಕೆರೆ ಕಡೆಯವರಿಗೆ ಗೊತ್ತಿರೋದೇ. ಮುಂಗಾರಿನ ಶೇಂಗಾ ಅಕ್ಟೋಬರ್ ನವೆಂಬರಲ್ಲಿ ಕಿತ್ತು ಮಾರ್ಕೆಟ್ಟಿಗೆ ಬರುತ್ತೆ. ಆಗ ಮಿಲ್ಲಿನವರು ಲಿಮಿಟ್ ಪೂರ್ತಿ ಎತ್ತಿ ಮಾಲು ತುಂಬಿಕೊಳ್ಳುತ್ತಾರೆ. ಆಮೇಲೆ ಅರೆದು, ಎಣ್ಣೆ ಟ್ಯಾಂಕರಿಗೆ, ಹಿಂಡಿ ಬೇರೆಯವರಿಗೆ ಅಂತ ಮಾರ್ತಾ ಮಾರ್ತಾ ಮಾರ್ಚ್ ಹೊತ್ತಿಗೆ ಗೋಡೌನ್ ಅರ್ಧ ಖಾಲಿ. ಬ್ಯಾಲೆನ್ಸ್ ಶೀಟ್ ಅನ್ನೋದು ಒಂದೇ ದಿನದ ಫೋಟೋ. ಆ ಫೋಟೋ ತೆಗೆದ ದಿನ ಮಿಲ್ಲು ಹಸಿದ ಹೊಟ್ಟೆಯಲ್ಲಿತ್ತು.

ಹಾಗಾಗಿ ಆಸ್ತಿ 20 ಕೋಟಿ ಅನ್ನೋದು ಮಾರ್ಚಿನ ಆಸ್ತಿ. ಸಾಲ ಸರಾಸರಿಯಲ್ಲಿ 6 ಕೋಟಿ ಜಾಸ್ತಿ ಇತ್ತು. ಸೀಸನ್ನಿನಲ್ಲಿ ದಲ್ಲಾಲಿ ಅಂಗಡಿಗಳ ಬಾಕಿಯೂ ಒಂದು ಕೋಟಿ ಜಾಸ್ತಿ ಇತ್ತು ಅಂತ ಇಟ್ಟುಕೊಳ್ಳೋಣ. ಆಗ ಸರಾಸರಿ ಆಸ್ತಿ 27 ಕೋಟಿ. ಈಗ ಮತ್ತೆ ತುಂಡು ಮಾಡಿ:

```
ಚಳ್ಳಕೆರೆ:   2% × 2.22 × 4.50 = 20%
```

ಆರ್‌ಒಇ ಕದಲಲಿಲ್ಲ, ನೋಡಿದ್ರಾ? ಆಸ್ತಿ ಅನ್ನೋದು ಒಂದು ಕಡೆ ಕೆಳಗೆ ಭಾಗಿಸುತ್ತೆ, ಇನ್ನೊಂದು ಕಡೆ ಮೇಲೆ ಕೂರುತ್ತೆ. ಗುಣಿಸಿದಾಗ ಹೊಡೆದುಹೋಗುತ್ತೆ. ಅದಕ್ಕೇ ಆಸ್ತಿಯ ಅಂಕಿ ತಪ್ಪಿದ್ದರೆ ಕೊನೆಯ ಉತ್ತರ ನೋಡಿ ನಿಮಗೆ ಯಾವತ್ತೂ ಗೊತ್ತಾಗಲ್ಲ. ತುಂಡುಗಳು ಮಾತ್ರ ಸುಳ್ಳು ಹೇಳ್ತಾ ಇರ್ತವೆ. ಮೂರು ಸುತ್ತು ಹೊಡೆಯುವ ಚುರುಕು ಮಿಲ್ಲು ಅಂದುಕೊಂಡಿದ್ದು ನಿಜವಾಗಿ ಎರಡು ಚಿಲ್ಲರೆ ಸುತ್ತು. ಆ ಚುರುಕಿನ ಪಾಲು ಅಂದುಕೊಂಡಿದ್ದೆಲ್ಲ ಸಾಲದ ಪಾಲು.

ಕಲ್ಲಿನಕೋಟೆ

ಅಂದರೆ ನಾನು ಹೇಳಿದ್ದೇ ಇನ್ನೂ ಗಟ್ಟಿಯಾಯ್ತು ಅಲ್ವಾ ಮೇಡಂ? ಲೆವರೇಜ್ 4.5!

ದಾವಣಗೆರೆ ಮಿಲ್ಲಿಗೂ ಇದೇ ತೊಂದರೆ ಇರಬಹುದಲ್ಲ?

ಲೆಕ್ಕದಕ್ಕ

ಅದನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಸಾಲ 2 ಕೋಟಿ, ಬಡ್ಡಿ 20 ಲಕ್ಷ, 10%. ತಾಳೆಯಾಗುತ್ತೆ. ಅವರು ಬಾಟಲಿ ಎಣ್ಣೆಯವರು, ವಾರ ವಾರ ಬೀಜ ತಗೊಂಡು ಅರೆಯೋರು ಅನ್ಸುತ್ತೆ, ಗುಡ್ಡೆ ಹಾಕೊಲ್ಲ. ಹಾಗಾಗಿ ಅವರ ಮಾರ್ಚಿನ ಫೋಟೋ ಹೆಚ್ಚೂ ಕಮ್ಮಿ ವರ್ಷದ ಫೋಟೋನೇ. ಎರಡು ಮಿಲ್ ಹೋಲಿಸುವಾಗ ಒಂದರ ಫೋಟೋ ಹಸಿದಾಗ, ಇನ್ನೊಂದರದ್ದು ಉಂಡಾಗ ತೆಗೆದಿದ್ದರೆ ಹೋಲಿಕೆಯೇ ಕೆಟ್ಟುಹೋಗುತ್ತೆ.

ಲೆವರೇಜ್ ಜಾಸ್ತಿ ಅಂದರೆ ಕೆಟ್ಟದು ಅನ್ನೋದನ್ನ ಮಾತ್ರ ಒಪ್ಪಲ್ಲ. ಸಾಲದ ದುಡ್ಡು ಬಡ್ಡಿಗಿಂತ ಜಾಸ್ತಿ ದುಡಿದರೆ ಮಾಲೀಕನಿಗೆ ಲಾಭವೇ. ಇವರದ್ದು ಎಷ್ಟು ದುಡೀತಿದೆ ನೋಡೋಣ. ನಿವ್ವಳ ಲಾಭ 1.20. ಟ್ಯಾಕ್ಸ್ ಕಾಲು ಭಾಗ ಅಂತ ಇಟ್ಟರೆ ಟ್ಯಾಕ್ಸಿಗೆ ಮುಂಚೆ 1.60. ಬಡ್ಡಿ 1.50 ಸೇರಿಸಿ, 3.10 ಕೋಟಿ. ಮಿಲ್ಲಿನ ನಿಜವಾದ ದುಡಿಮೆ ಇದು. ಮಾರಾಟದ ಮೇಲೆ 5% ಚಿಲ್ಲರೆ. ಅಂದರೆ ಮಿಲ್ಲು ಅಷ್ಟೇನೂ ಸಪ್ಪೆ ಇಲ್ಲ, ದುಡಿದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಬ್ಯಾಂಕಿಗೆ ಹೋಗಿದ್ದಕ್ಕೆ ಮಾರ್ಜಿನ್ 2% ಕಾಣಿಸ್ತಿದೆ. ಮಾರ್ಜಿನ್ ಮತ್ತೆ ಲೆವರೇಜ್ ಎರಡು ಬೇರೆ ಬೇರೆ ತುಂಡು ಅಂತ ಬರೀತೀವಿ, ಆದರೆ ಸಾಲದ ಬಡ್ಡಿ ಮಾರ್ಜಿನ್ನನ್ನೂ ತಿಂತಿರುತ್ತೆ. ಅದನ್ನ ಬಿಡಿಸಿ ನೋಡದೆ "ಇವನದು 8%, ಅವನದು 2%, ಇವನೇ ಜಾಣ ವ್ಯಾಪಾರಿ" ಅಂದರೆ ತಪ್ಪಾಗುತ್ತೆ.

ಈ 3.10 ಕೋಟಿ ದುಡಿಯೋಕೆ ಬಳಸಿದ ದುಡ್ಡು ಬ್ಯಾಂಕಿನದು 15, ಸ್ವಂತದ್ದು 6, ಒಟ್ಟು 21 ಕೋಟಿ. 14.8% ಆಯ್ತು. 10%ಗೆ ತಂದು 14.8%ಗೆ ದುಡಿಸ್ತಿದ್ದಾರೆ, ಸರಿನೇ. ಅಂತರ ಐದು ಪರ್ಸೆಂಟಿಗೂ ಕಮ್ಮಿ. ಆ ಅಂತರ ಎಷ್ಟು ಗಟ್ಟಿ ಅನ್ನೋದಷ್ಟೇ ಪ್ರಶ್ನೆ.

ಭಟ್ಟಿ ಮನೆ

ನಂದು ಮಂಡಕ್ಕಿ ಭಟ್ಟಿ. ಸಾಲ ಇಲ್ಲ, ಕಂಪನಿನೂ ಅಲ್ಲ, ಆದರೂ ಹೇಳ್ತೀನಿ. ಅಕ್ಕ ಹೇಳಿದ ಸುತ್ತಿನ ಮಾತು ಓದಿ ನನ್ನ ಹೊಟ್ಟೆ ಉರೀತು.

ನಮ್ಮಪ್ಪನ ಕಾಲದಲ್ಲಿ ಎಲ್ಲಾ ಕೈಗೆ ದುಡ್ಡು. ಭಟ್ಟಿಯಲ್ಲಿ 10 ಲಕ್ಷ ಇತ್ತು, ವರ್ಷಕ್ಕೆ 80 ಲಕ್ಷ ಮಾರಾಟ, ನೂರಕ್ಕೆ ಮೂರು ರೂಪಾಯಿ ಉಳೀತಿತ್ತು. 2 ಲಕ್ಷ 40 ಸಾವಿರ. ನಾನು ಬಂದು ವ್ಯಾಪಾರ ಬೆಳೆಸ್ತೀನಿ ಅಂತ ಹೊರಗಿನ ಅಂಗಡಿಗಳಿಗೆ 40 ದಿನದ ಉದ್ರಿ ಶುರು ಮಾಡಿದೆ. ಮಾರಾಟ 90 ಲಕ್ಷ ಆಯ್ತು, ಅದೇ ಮೂರು ರೂಪಾಯಿ, 2 ಲಕ್ಷ 70 ಸಾವಿರ. ಹಬ್ಬ ಮಾಡಿದೆ. ಆದರೆ ಅಂಗಡಿಯವರ ಹತ್ತಿರ 10 ಲಕ್ಷ ಕೂತಿತು, ಹೆಂಡತಿ ಒಡವೆ ಮಾರಿ ತುಂಬಿದೆ. ಈಗ 20 ಲಕ್ಷ ಹಾಕಿ 2.70 ದುಡೀತಿದೀನಿ. ಎಂಟು ಸುತ್ತು ಹೊಡೀತಿದ್ದದ್ದು ನಾಲ್ಕೂವರೆಗೆ ಬಂತು. 24% ಇದ್ದದ್ದು 13.5%. ಮಾರ್ಜಿನ್ ನೋಡಿದರೆ ಏನೂ ಗೊತ್ತಾಗಲ್ಲ, ಅದೇ ಮೂರೇ ಇದೆ.

ಉದ್ರಿ ನಿಲ್ಲಿಸೋದು ಹೆಂಗೆ ಅಂತ ಯಾರಾದ್ರೂ ಹೇಳಿದರೆ ಪುಣ್ಯ ಬರುತ್ತೆ.

ಹರಿಹರದವನು

ಭಟ್ಟಿ ಅಣ್ಣ, ಒಡವೆ ಮಾತ್ರ ಮಾರಬಾರದಿತ್ತು.

ಕಲ್ಲಿನಕೋಟೆ

ಮೇಡಂ, ಅಂತರ ಗಟ್ಟಿ ಇದೆಯಾ ಅಂತ ನೋಡೋದು ಹೇಗೆ? ಎಣ್ಣೆ ರೇಟು ಯಾರ ಕೈಲಿದೆ? 2024ರ ಸೆಪ್ಟೆಂಬರಲ್ಲಿ ಕೇಂದ್ರದವರು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆ ಮೇಲೆ ಮೂಲ ಆಮದು ಸುಂಕ ಸೊನ್ನೆಯಿಂದ 20% ಮಾಡಿದರು. 2025ರ ಮೇ ಕೊನೆಗೆ ಮತ್ತೆ 10%ಗೆ ಇಳಿಸಿದರು. ಶೇಂಗಾ ಎಣ್ಣೆಗೆ ನೇರ ಸಂಬಂಧ ಇಲ್ಲ, ಆದರೆ ಸೂರ್ಯಕಾಂತಿ ಅಗ್ಗ ಆದರೆ ಜನ ಅತ್ತ ಹೋಗ್ತಾರೆ.

ಲೆಕ್ಕದಕ್ಕ

ಒಳ್ಳೇ ಕಡೆ ಕೈ ಇಟ್ಟಿರಿ. ಹೀಗೆ ಮಾಡಿ. ಎರಡೂ ಮಿಲ್ಲಿಗೆ ಒಂದೇ ಪೆಟ್ಟು ಕೊಡಿ. ಮಾರಾಟದ ನೂರು ರೂಪಾಯಿಗೆ ಒಂದೇ ಒಂದು ರೂಪಾಯಿ ದುಡಿಮೆ ಕಮ್ಮಿ ಆಯ್ತು ಅಂದುಕೊಳ್ಳಿ. ರೇಟು ಸ್ವಲ್ಪ ಬಿತ್ತು, ಮಾಲು ಗೋಡೌನಲ್ಲಿ ಇತ್ತು, ಅಷ್ಟೇ.

ಚಳ್ಳಕೆರೆಗೆ 60 ಲಕ್ಷ ಹೋಯ್ತು. ದುಡಿಮೆ 3.10ರಿಂದ 2.50ಕ್ಕೆ. ಬ್ಯಾಂಕಿಗೆ 1.50 ಕೊಡಲೇಬೇಕು, ರೇಟು ಬಿತ್ತು ಅಂತ ಬಡ್ಡಿ ಬಿಡಲ್ಲ. ಉಳಿದದ್ದು ಒಂದು ಕೋಟಿ, ಟ್ಯಾಕ್ಸ್ ಹೋಗಿ 75 ಲಕ್ಷ. ಆರ್‌ಒಇ 12.5%.

ದಾವಣಗೆರೆಗೆ ಅದೇ ಒಂದು ರೂಪಾಯಿ ಅಂದರೆ 20 ಲಕ್ಷ. ಅವರ ದುಡಿಮೆ 2.33 ಇತ್ತು, 2.13 ಆಯ್ತು. ಬಡ್ಡಿ 20 ಲಕ್ಷ ಕಳೆದು, ಟ್ಯಾಕ್ಸ್ ಕಳೆದು 1.45 ಕೋಟಿ. ಆರ್‌ಒಇ 18%.

ಎರಡೂ 20% ಇದ್ದದ್ದು ಒಂದೇ ಪೆಟ್ಟಿಗೆ ಹನ್ನೆರಡೂವರೆ ಮತ್ತೆ ಹದಿನೆಂಟು ಆಯ್ತು. ಚಳ್ಳಕೆರೆಯವರಿಗೆ ನೂರಕ್ಕೆ 2 ರೂಪಾಯಿ 67 ಪೈಸೆ ಪೆಟ್ಟು ಬಿದ್ದರೆ ಲಾಭ ಸೊನ್ನೆ. ಗೋಡೌನ್ ತುಂಬಿರುವ ನವೆಂಬರಲ್ಲಿ ರೇಟು ಬಿದ್ದರೆ ಪೆಟ್ಟು ಇದಕ್ಕಿಂತ ಜಾಸ್ತಿನೇ ಇರುತ್ತೆ, ಯಾಕಂದರೆ ಆಗ ಮಾಲೂ ಜಾಸ್ತಿ, ಸಾಲವೂ ಜಾಸ್ತಿ. ಆದರೆ ದುಡಿಮೆ ನೂರಕ್ಕೆ ಒಂದು ರೂಪಾಯಿ ಏರಿದರೂ ಅಷ್ಟೇ ಜೋರಾಗಿ ಮೇಲೆ ಹೋಗುತ್ತೆ, ಆರ್‌ಒಇ 27.5% ಆಗುತ್ತೆ. ಅದಕ್ಕೇ ಚಳ್ಳಕೆರೆ ಮಿಲ್ ಮಾಲೀಕರನ್ನ ನೋಡಿ, ಒಂದು ವರ್ಷ ಕಾರು, ಒಂದು ವರ್ಷ ಮುಖ ಸಣ್ಣಗೆ.

ಹುಡುಗಾ, ನನ್ನ 27 ಕೋಟಿ ಬರೀ ಅಂದಾಜು. ಸಿ.ಸಿ. ಲಿಮಿಟ್ ಇರೋರು ತಿಂಗಳು ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿ ಮಾಲು ಎಷ್ಟು, ಬಾಕಿ ಎಷ್ಟು ಅಂತ ಇರುತ್ತೆ. ಹನ್ನೆರಡು ತಿಂಗಳದ್ದು ಇಸ್ಕೊಂಡು ಬಾ.

ಮಂಡಿಪೇಟೆ ಹುಡುಗ

ಒಂದು ವಾರ ಆಯ್ತು, ಕ್ಷಮಿಸಿ. ಚಳ್ಳಕೆರೆಗೇ ಹೋಗಿ ಬಂದೆ. ಮಾವ ಮೊದಲು ಮುಖ ಗಂಟು ಹಾಕಿದರು, ಅತ್ತೆ ಊಟಕ್ಕೆ ಹಾಕಿದ ಮೇಲೆ ಫೈಲ್ ತೆಗೆದರು. ಮಾರ್ಚಲ್ಲಿ ಮಾಲು ಮತ್ತೆ ಬಾಕಿ ಸೇರಿ 13 ಕೋಟಿ. ಡಿಸೆಂಬರಲ್ಲಿ 27 ಕೋಟಿ! ಹನ್ನೆರಡು ತಿಂಗಳ ಸರಾಸರಿ 20ಕ್ಕೆ ಚೂರು ಕಮ್ಮಿ. ಮಿಲ್ಲು, ಜಾಗ, ಮೆಷಿನ್ 7 ಕೋಟಿ ಸೇರಿಸಿದರೆ ಅಕ್ಕ ಹೇಳಿದ 27 ಹತ್ತಿರ ಬಂತು. ಮಾವನಿಗೆ ಹೇಳಿದೆ, "ಯಾವಳೋ ಅವಳು, ನಮ್ಮ ಗೋಡೌನಲ್ಲಿ ಕೂತಿದ್ಲಾ" ಅಂದರು.

ಅಲ್ಲೇ ಇನ್ನೊಂದು ವಿಷಯ ಗೊತ್ತಾಯ್ತು. ಬ್ಯಾಂಕ್ ಬಿಟ್ಟು ಉಳಿದ 5 ಕೋಟಿ ಕೊಡಬೇಕಾದದ್ದು ಇದೆಯಲ್ಲ, ಅದರಲ್ಲಿ 2 ಕೋಟಿ ಮಾವ ಮತ್ತೆ ಅವರ ತಮ್ಮ ಕಂಪನಿಗೆ ಕೊಟ್ಟ ಕೈಸಾಲ. ಬಡ್ಡಿ ಇಲ್ಲ. ಎಷ್ಟೋ ವರ್ಷದಿಂದ ಹಾಗೇ ಇದೆ. ಇದು ಸಾಲಾನಾ, ಬಂಡವಾಳಾನಾ?

ಕಲ್ಲಿನಕೋಟೆ

ಬಂಡವಾಳ. ವಾಪಸ್ ಕೇಳದೆ ಇರೋ ದುಡ್ಡು ಬಂಡವಾಳವೇ. ಆಗ ಸ್ವಂತದ್ದು 8 ಕೋಟಿ, ಲೆವರೇಜ್ 3.4ಕ್ಕೆ ಇಳೀತು, ಅಷ್ಟು ಭಯ ಇಲ್ಲ. ಆರ್‌ಒಇ ಮಾತ್ರ 15% ಆಗುತ್ತೆ. ಅಲ್ಲಿಗೆ ಎರಡೂ ಮಿಲ್ 20% ಅನ್ನೋದೇ ಬಿದ್ದುಹೋಯ್ತು!

ಲೆಕ್ಕದಕ್ಕ

ನಾನು ಒಪ್ಪಲ್ಲ. ಬ್ಯಾಂಕಿನ ಕಣ್ಣಲ್ಲಿ, ಬ್ಯಾಂಕಿನ ಸಾಲ ತೀರೋ ತನಕ ವಾಪಸ್ ತಗೊಳ್ಳಲ್ಲ ಅಂತ ಬರೆದುಕೊಟ್ಟಿದ್ದರೆ ಅದನ್ನ ಬಂಡವಾಳದ ಹಾಗೆ ನೋಡ್ತೀವಿ. ಆದರೆ ಹುಡುಗ ಬ್ಯಾಂಕ್ ಅಲ್ಲ, ಶೇರುದಾರ ಆಗೋನು. ನಾಳೆ ಅಣ್ಣ ತಮ್ಮ ಬೇರೆಯಾದರು ಅನ್ನಿ, ತಮ್ಮ ಬಂದು ನನ್ನ ಒಂದು ಕೋಟಿ ಕೊಡಿ ಅಂದರೆ ಹುಡುಗನ ಶೇರಿಗಿಂತ ಅವನ ಸಾಲ ಮುಂದೆ ನಿಲ್ಲುತ್ತೆ. ಅವನಿಗೆ ಅದು ಸಾಲವೇ.

ಕಲ್ಲಿನಕೋಟೆ

ಹಾಗಂತ ಬಡ್ಡಿ ಇಲ್ಲದ 2 ಕೋಟಿಯಿಂದ ಉಬ್ಬಿದ 20% ನಂಬಬೇಕಾ? ಆ ದುಡ್ಡಿಗೂ 10% ಬಡ್ಡಿ ಹಾಕಿದರೆ ಲಾಭ ಕಮ್ಮಿ ಆಗುತ್ತೆ.

ಲೆಕ್ಕದಕ್ಕ

ಅದೂ ಸರಿನೇ. ಬಡ್ಡಿ ಹಾಕಿ ನೋಡಿದರೆ 20 ಲಕ್ಷ ಹೋಗಿ, ಟ್ಯಾಕ್ಸ್ ಕಳೆದು ಲಾಭ 1.05, ಆರ್‌ಒಇ 17.5%. ಎರಡು ತರಹ ಲೆಕ್ಕನೂ ಇಟ್ಟುಕೊಳ್ಳಲಿ. ಇದರಲ್ಲಿ ನೀವೂ ನಾನೂ ಒಂದಾಗಲ್ಲ ಅನ್ಸುತ್ತೆ.

ಹುಡುಗಾ, ಇಷ್ಟು ಹೊತ್ತಾದರೂ ಒಂದು ಹೇಳಲಿಲ್ಲ ನೀನು. ಶೇರು ಯಾವ ರೇಟಿಗೆ ಕೊಡ್ತಾರೆ?

ಮಂಡಿಪೇಟೆ ಹುಡುಗ

ಮಾವ ಪುಸ್ತಕದ ಬೆಲೆಗೇ ಕೊಡ್ತೀನಿ ಅಂದರು, ಪೂರ್ತಿ ಕಂಪನಿಗೆ 6 ಕೋಟಿ ಲೆಕ್ಕದಲ್ಲಿ. ಅಪ್ಪನ ಸ್ನೇಹಿತರು ಬ್ರಾಂಡ್ ಇದೆ ಅಂತ ಎರಡು ಪಟ್ಟು ಕೇಳ್ತಿದ್ದಾರೆ, 16 ಕೋಟಿ.

ಲೆಕ್ಕದಕ್ಕ

ಹಾಗಾದರೆ ದಾವಣಗೆರೆಯ 1.60 ಕೋಟಿ ಲಾಭಕ್ಕೆ ನೀನು 16 ಕೋಟಿ ರೇಟು ಕೊಡ್ತಿದ್ದೀಯ. ನಿನ್ನ ದುಡ್ಡಿಗೆ 10%. ಅವರಿಗೆ 20%, ನಿನಗಲ್ಲ. ಮಾವನದ್ದು ಪುಸ್ತಕದ ಬೆಲೆ ಆದ್ದರಿಂದ 20%, ಕೈಸಾಲಕ್ಕೆ ಬಡ್ಡಿ ಹಾಕಿದರೆ 17.5%, ಆದರೆ ಒಂದು ರೂಪಾಯಿ ಪೆಟ್ಟಿಗೆ ಏಳೂವರೆ ಪರ್ಸೆಂಟ್ ಅಲ್ಲಾಡುವ 20%. ಎರಡು ಕಡೆಯೂ ಬೇಕು ಅಂದಾಗ ಶೇರು ಮಾರಿ ಹೊರಗೆ ಬರೋಕೆ ಆಗಲ್ಲ ಅನ್ನೋದು ನೆನಪಿರಲಿ.

ದಾವಣಗೆರೆಯವರ ಮೆಷಿನ್ ಎಷ್ಟು ಹಳೇದು ನೋಡಿದೆಯಾ? ಹಳೇ ಮೆಷಿನ್ ಸವಕಳಿ ಕಳೆದು ಕಳೆದು ಪುಸ್ತಕದಲ್ಲಿ ಸವೆದಿದ್ದರೆ ಅವರ 1.67 ಸುತ್ತೂ ಉಬ್ಬಿದ್ದೇ.

ಮಂಡಿಪೇಟೆ ಹುಡುಗ

ನೋಡಿಲ್ಲ ಅಕ್ಕ. ಸೋಮವಾರ ಹೋಗ್ತೀನಿ. 16 ಕೋಟಿನ 12ಕ್ಕೆ ಇಳಿಸಿ ಅಂತ ಅಪ್ಪನ ಕೈಲೇ ಕೇಳಿಸಬೇಕು, ನಾನು ಕೇಳಿದರೆ ಆಗಲ್ಲ.

ಭಟ್ಟಿ ಮನೆ

ಎಲ್ಲರೂ ನನ್ನ ಉದ್ರಿ ಪ್ರಶ್ನೆ ಮರೆತೇಬಿಟ್ರಲ್ಲ.